ಮನೆ ಕೊಳ್ಳುವಾಗ ಶೇ 1 ಟಿಡಿಎಸ್: ಇಬ್ಬರು ಕೊಳ್ಳುವವರು, ಇಬ್ಬರು ಮಾರುವವರು, ನಡುವೆ ಒಂದು ಬ್ಯಾಂಕ್ ಸಾಲ

ಫ್ಲ್ಯಾಟ್ ಅಥವಾ ಸೈಟಿನ ಬೆಲೆ 50 ಲಕ್ಷ ರೂಪಾಯಿ ಮುಟ್ಟಿದರೆ, ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟನ್ನು ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಕೆಲಸ. ಹೀಗೆ ಹಣ ಕೊಡುವಾಗಲೇ ಹಿಡಿಯುವ ತೆರಿಗೆಯೇ ಟಿಡಿಎಸ್. 2013ರ ಜೂನ್ 1ರಿಂದ ಈ ನಿಯಮ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 194-ಐಎ ಸೆಕ್ಷನ್ ಅಂತ ಬ್ಯಾಂಕಿನವರೂ ಆಡಿಟರ್‌ಗಳೂ ಹೇಳುವುದು ಇದನ್ನೇ. ನೂರಕ್ಕೆ ಒಂದು ತೆಗೆಯೋದು ಯಾರಿಗೂ ಕಷ್ಟವಲ್ಲ. ಜನ ಎಡವುವುದು ಬೇರೆ ಕಡೆ: ಯಾವಾಗ ಹಿಡಿಯಬೇಕು, ಯಾರ ಹೆಸರಲ್ಲಿ ಕಟ್ಟಬೇಕು, ಎಷ್ಟು ಚಲನ್ ಆಗುತ್ತದೆ ಅನ್ನುವಲ್ಲಿ. ಗಂಡ ಹೆಂಡತಿ ಸೇರಿ ಕೊಳ್ಳುವಾಗ, ಮಾರುವವರೂ ಇಬ್ಬರಿದ್ದಾಗ, ಜೊತೆಗೆ ಬ್ಯಾಂಕ್ ಸಾಲವೂ ಇದ್ದಾಗ ಈ ಮೂರೂ ಪ್ರಶ್ನೆ ಒಟ್ಟಿಗೆ ಬರುತ್ತವೆ. ಅದಕ್ಕೇ ಅಂಥ ಒಂದು ವ್ಯವಹಾರವನ್ನೇ ಹಿಡಿದು ಮೊದಲಿಂದ ಕೊನೆವರೆಗೆ ನೋಡೋಣ.

ಉದಾಹರಣೆಗೆ ಹೀಗಿದೆ ಅಂತಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಒಂದು ಹಳೆಯ ಫ್ಲ್ಯಾಟ್. ಅಪ್ಪನಿಂದ ಬಂದ ಆಸ್ತಿ. ಅಣ್ಣ ಮತ್ತು ತಂಗಿಗೆ ಸಮಪಾಲು. ಮಾತಾದ ಬೆಲೆ 84 ಲಕ್ಷ. ಕೊಳ್ಳುತ್ತಿರುವುದು ಒಂದು ದಂಪತಿ: ಗಂಡನ ಪಾಲು ಶೇ 60, ಹೆಂಡತಿಯದು ಶೇ 40. ಕ್ರಯದ ಕರಾರು ಮಾಡಿಕೊಂಡು 2025ರ ಜೂನ್ 18ರಂದು 5 ಲಕ್ಷ ಮುಂಗಡ. ನೋಂದಣಿ ಆಗಸ್ಟ್ 22ಕ್ಕೆ. ಉಳಿದ 79 ಲಕ್ಷದಲ್ಲಿ 55 ಲಕ್ಷ ಬ್ಯಾಂಕಿನ ಗೃಹಸಾಲ, 24 ಲಕ್ಷ ಕೈಯಿಂದ.

ಮೊದಲು ಬೆಲೆ ಯಾವುದು ಅಂತ ತೀರ್ಮಾನ ಮಾಡಿ

ಶೇ 1 ಹಾಕಬೇಕಾದದ್ದು ಪೂರ್ತಿ ಬೆಲೆಯ ಮೇಲೆ. 50 ಲಕ್ಷಕ್ಕಿಂತ ಮೇಲಿನ ಭಾಗಕ್ಕೆ ಮಾತ್ರ ಅಂತ ತಿಳಿದವರು ಬಹಳ ಜನ. ಹಾಗಿಲ್ಲ. 84 ಲಕ್ಷಕ್ಕೆ 84,000 ರೂಪಾಯಿ, 34,000 ಅಲ್ಲ.

ಇನ್ನೊಂದು ವಿಷಯ ಇದೆ. 2022ರ ಏಪ್ರಿಲ್ 1ರಿಂದ ಮಾರಾಟದ ಬೆಲೆಯ ಜೊತೆ, ಮುದ್ರಾಂಕ ಶುಲ್ಕಕ್ಕೆ ಅಂತ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಯನ್ನೂ ನೋಡಬೇಕು. ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಶೇ 1. ನಮ್ಮ ಉದಾಹರಣೆಯಲ್ಲಿ ಉಪನೋಂದಣಾಧಿಕಾರಿ ಕಚೇರಿಯ ಲೆಕ್ಕದಲ್ಲಿ ಫ್ಲ್ಯಾಟಿನ ಮಾರ್ಗಸೂಚಿ ಬೆಲೆ 78.60 ಲಕ್ಷ ಅಂದುಕೊಳ್ಳಿ. ಅದು ಕಡಿಮೆ, ಹಾಗಾಗಿ 84 ಲಕ್ಷವೇ ಲೆಕ್ಕಕ್ಕೆ. ಅದೇ ಮಾರ್ಗಸೂಚಿ ಬೆಲೆ 88 ಲಕ್ಷ ಇದ್ದಿದ್ದರೆ, ನೀವು ಕೊಡುವುದು 84 ಲಕ್ಷವೇ ಆದರೂ ಟಿಡಿಎಸ್ 88,000. ಇಲ್ಲಿ ಕೆಲವರು ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಮಾರುವವರ ಲಾಭದ ತೆರಿಗೆ ಲೆಕ್ಕದಲ್ಲಿ ಎರಡು ಬೆಲೆಗಳ ನಡುವೆ ಶೇ 10ರವರೆಗಿನ ವ್ಯತ್ಯಾಸಕ್ಕೆ ವಿನಾಯಿತಿ ಇದೆ. ಟಿಡಿಎಸ್‌ಗೆ ಆ ವಿನಾಯಿತಿ ಇಲ್ಲ. ಒಂದು ರೂಪಾಯಿ ಜಾಸ್ತಿ ಇದ್ದರೂ ಜಾಸ್ತಿ ಇರುವುದೇ ಲೆಕ್ಕ.

ಇದೇ ಕಾರಣಕ್ಕೆ 48 ಲಕ್ಷದ ವ್ಯವಹಾರದಲ್ಲೂ ಟಿಡಿಎಸ್ ಬರಬಹುದು. ಮಾರ್ಗಸೂಚಿ ಬೆಲೆ 51 ಲಕ್ಷ ಇದ್ದರೆ 51,000 ಕಟ್ಟಬೇಕು. ಎರಡೂ 50 ಲಕ್ಷಕ್ಕಿಂತ ಕೆಳಗಿದ್ದರೆ ಮಾತ್ರ ನೀವು ಈ ನಿಯಮದ ಹೊರಗೆ. ಹಾಗಾಗಿ ಕರಾರು ಬರೆಯುವ ಮೊದಲೇ ಕಾವೇರಿ ಪೋರ್ಟಲ್‌ನಲ್ಲಿ ಆ ಜಾಗದ ಮಾರ್ಗಸೂಚಿ ದರ ನೋಡಿಕೊಳ್ಳಿ, ಇಲ್ಲವೇ ಪತ್ರ ಬರೆಯುವವರ ಹತ್ತಿರ ಲೆಕ್ಕ ಹಾಕಿಸಿ. ನೋಂದಣಿ ದಿನ ಗೊತ್ತಾದರೆ ತಡವಾಯಿತು ಅಂತಲ್ಲ, ಆದರೆ ಅಷ್ಟು ಹೊತ್ತಿಗೆ ಬ್ಯಾಂಕಿನ ಡಿಡಿ ತಯಾರಾಗಿರುತ್ತದೆ.

ಪಾರ್ಕಿಂಗ್, ಕ್ಲಬ್ ಸದಸ್ಯತ್ವ, ನೀರು ಮತ್ತು ವಿದ್ಯುತ್ ಸಂಪರ್ಕ, ನಿರ್ವಹಣೆಯ ಹೆಸರಲ್ಲಿ ಮಾರುವವರು ಬೇರೆಯಾಗಿ ಕೇಳುವ ಹಣವೂ ಬೆಲೆಯೊಳಗೇ ಸೇರುತ್ತದೆ. 2019ರ ಸೆಪ್ಟೆಂಬರ್ 1ರಿಂದ ಕಾನೂನಿನಲ್ಲೇ ಹಾಗೆ ಬರೆದಿದೆ. ನೀವು ಸರ್ಕಾರಕ್ಕೆ ಕಟ್ಟುವ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಮಾತ್ರ ಸೇರುವುದಿಲ್ಲ. ಅದು ಮಾರುವವರಿಗೆ ಹೋಗುವ ಹಣವೇ ಅಲ್ಲ.

ಈಗ ಪಾಲಿನ ವಿಷಯ. ಗಂಡನ ಪಾಲು 50.40 ಲಕ್ಷ, ಹೆಂಡತಿಯದು 33.60 ಲಕ್ಷ. ಮಾರುವ ಒಬ್ಬೊಬ್ಬರಿಗೆ ಬರುವುದು 42 ಲಕ್ಷ. "ಹೆಂಡತಿಯ ಪಾಲು 50 ದಾಟಿಲ್ಲ, ಅವರು ಕಟ್ಟೋದು ಬೇಡ" ಅಂತ ವಾದ ಮಾಡುವವರು ಹಿಂದೆ ಇದ್ದರು, ಕೆಲವರು ಅದರ ಮೇಲೆ ಕೇಸನ್ನೂ ನಡೆಸಿದರು. 2024ರ ಅಕ್ಟೋಬರ್ 1ರಿಂದ ಆ ಬಾಗಿಲು ಮುಚ್ಚಿದೆ. ಕೊಳ್ಳುವವರೆಲ್ಲ ಸೇರಿ ಮಾರುವವರೆಲ್ಲರಿಗೆ ಕೊಡುವ ಒಟ್ಟು ಹಣವನ್ನೇ 50 ಲಕ್ಷದ ಮಿತಿಗೆ ಹೋಲಿಸಬೇಕು. ಇಲ್ಲಿ ಒಟ್ಟು 84 ಲಕ್ಷ. ಹಾಗಾಗಿ ಇಬ್ಬರೂ ಕಟ್ಟಬೇಕು.

ಕರಾರಿಗೆ ಸಹಿ ಹಾಕುವ ಮುಂಚೆ ಮಾರುವವರ ಬಗ್ಗೆ ಎರಡು ವಿಷಯ ತಿಳಿಯಿರಿ

ಒಂದು, ಅವರ ಪ್ಯಾನ್ ಚಾಲ್ತಿಯಲ್ಲಿದೆಯಾ? ಪ್ಯಾನ್ ಕಾರ್ಡಿನ ನಕಲು ಕೈಗೆ ಬಂದರೆ ಸಾಲದು. ಆಧಾರ್‌ಗೆ ಜೋಡಿಸದ ಪ್ಯಾನ್ ನಿಷ್ಕ್ರಿಯ ಆಗಿರುತ್ತದೆ, ಆಗ ಟಿಡಿಎಸ್ ದರ ಶೇ 1 ಅಲ್ಲ, ಶೇ 20. ಪ್ಯಾನೇ ಇಲ್ಲದಿದ್ದರೂ ಅದೇ ದರ. ನಮ್ಮ ಉದಾಹರಣೆಯಲ್ಲಿ ಅಣ್ಣನ ಪ್ಯಾನ್ ನಿಷ್ಕ್ರಿಯ ಅಂದುಕೊಳ್ಳಿ. ಅವರ 42 ಲಕ್ಷಕ್ಕೆ 8,40,000 ಹಿಡಿಯಬೇಕಿತ್ತು. ನೀವು 42,000 ಹಿಡಿದು ಕೊಟ್ಟಿರುತ್ತೀರಿ. ತಿಂಗಳುಗಳ ನಂತರ ಉಳಿದ 7,98,000 ಮತ್ತು ಬಡ್ಡಿ ಕಟ್ಟಿ ಅಂತ ನೋಟಿಸ್ ಬರುವುದು ಕೊಂಡವರಿಗೆ, ಮಾರಿದವರಿಗಲ್ಲ. ಅವರು ಹಣ ತಗೊಂಡು ಹೋಗಿ ಆಗಿರುತ್ತದೆ.

ಪರೀಕ್ಷೆ ಮಾಡೋದು ಸುಲಭ. incometax.gov.in ಮುಖಪುಟದಲ್ಲಿ `Link Aadhaar Status` ಅಂತ ಇದೆ. ಲಾಗಿನ್ ಬೇಕಿಲ್ಲ. ಪ್ಯಾನ್ ಮತ್ತು ಆಧಾರ್ ಸಂಖ್ಯೆ ಹಾಕಿದರೆ ಜೋಡಣೆ ಆಗಿದೆಯೋ ಇಲ್ಲವೋ ಹೇಳುತ್ತದೆ. ಮಾರುವವರನ್ನೇ ಎದುರಿಗೆ ಕೂರಿಸಿಕೊಂಡು ನೋಡಿಬಿಡಿ, ಯಾರಿಗೂ ಮುಜುಗರ ಆಗಲ್ಲ. ಈ ನೋಟಿಸುಗಳ ಕಾಟ ಜಾಸ್ತಿಯಾಗಿ, 2025ರ ಜುಲೈನಲ್ಲಿ ನೇರ ತೆರಿಗೆ ಮಂಡಳಿ ಸ್ವಲ್ಪ ರಿಯಾಯಿತಿ ಕೊಟ್ಟಿತು. ಆ ವರ್ಷದ ಆಗಸ್ಟ್ 1ರಿಂದ ಆದ ಪಾವತಿಗೆ, ಪಾವತಿಯ ತಿಂಗಳು ಮುಗಿದ ಮೇಲೆ ಎರಡು ತಿಂಗಳೊಳಗೆ ಮಾರಿದವರು ಪ್ಯಾನ್ ಚಾಲ್ತಿ ಮಾಡಿಸಿಕೊಂಡರೆ ಶೇ 20ರ ಬೇಡಿಕೆ ಇರುವುದಿಲ್ಲ. ಆದರೆ ಹಣ ಪಡೆದು ಹೋದವರನ್ನು ಹಿಂದೆ ಬಿದ್ದು ಪ್ಯಾನ್ ಮಾಡಿಸೋದಕ್ಕಿಂತ ಮೊದಲೇ ಮಾಡಿಸುವುದು ಮೇಲು ಅಲ್ವಾ.

ಎರಡನೆಯದು ಇನ್ನೂ ದೊಡ್ಡದು. ಅವರು ತೆರಿಗೆ ಲೆಕ್ಕದಲ್ಲಿ ಭಾರತದ ನಿವಾಸಿಯೇ? ಇಲ್ಲಿ ಹೇಳುತ್ತಿರುವ ಶೇ 1 ನಿವಾಸಿಗಳಿಗೆ ಮಾತ್ರ. ತಂಗಿ ಅಮೆರಿಕದಲ್ಲಿ ಕೆಲಸದಲ್ಲಿದ್ದು ನೋಂದಣಿಗೆ ಅಂತ ಬಂದಿದ್ದರೆ, ಅಣ್ಣನ ಅರ್ಧಕ್ಕೆ ಶೇ 1, ತಂಗಿಯ ಅರ್ಧಕ್ಕೆ 195ನೇ ಸೆಕ್ಷನ್. ಅಲ್ಲಿ 50 ಲಕ್ಷದ ಮಿತಿ ಇಲ್ಲ, ದರ ಎಷ್ಟೋ ಪಟ್ಟು ಜಾಸ್ತಿ, ಚಲನ್‌ಗಳೂ ಬೇರೆ. ಪಾಸ್‌ಪೋರ್ಟ್ ಭಾರತದ್ದು ಅನ್ನುವುದು ಇದಕ್ಕೆ ಉತ್ತರವಲ್ಲ. ಆ ವರ್ಷ ಎಷ್ಟು ದಿನ ಇಲ್ಲಿದ್ದರು ಅನ್ನುವುದರ ಮೇಲೆ ನಿವಾಸ ತೀರ್ಮಾನವಾಗುತ್ತದೆ. "ನಾನು ಆದಾಯ ತೆರಿಗೆ ಕಾಯ್ದೆಯ ಪ್ರಕಾರ ನಿವಾಸಿ" ಅಂತ ಕರಾರಿನಲ್ಲೇ ಒಂದು ಸಾಲು ಬರೆಸಿ. ಹೊರದೇಶದಲ್ಲಿದ್ದಾರೆ ಅನ್ನುವ ಸುಳಿವು ಸಿಕ್ಕರೆ ಅಲ್ಲೇ ನಿಲ್ಲಿಸಿ, ಆಡಿಟರ್ ಹತ್ತಿರ ಹೋಗಿ. ಈ ಲೇಖನದ ಮುಂದಿನ ಹಂತಗಳು ಆ ಅರ್ಧಕ್ಕೆ ಅನ್ವಯಿಸುವುದಿಲ್ಲ.

ಮಾರುವವರು ಹೇಳುವ ಇನ್ನೊಂದು ಮಾತು: "ನನಗೆ ಲಾಭವೇ ಇಲ್ಲ, ಇದೇ ದುಡ್ಡಲ್ಲಿ ಇನ್ನೊಂದು ಮನೆ ತಗೊಳ್ತೀನಿ, ಟಿಡಿಎಸ್ ಹಿಡಿಯಬೇಡಿ." ಪಾಪ ಅನ್ನಿಸುತ್ತದೆ, ಆದರೆ ಒಪ್ಪುವ ಹಾಗಿಲ್ಲ. ಟಿಡಿಎಸ್ ಬೆಲೆಯ ಮೇಲೆ, ಲಾಭದ ಮೇಲಲ್ಲ. ತೆರಿಗೆ ಬರುವುದಿಲ್ಲ ಅಂದರೆ ಅವರು ರಿಟರ್ನ್ ಹಾಕಿ ವಾಪಸ್ ಪಡೆಯುತ್ತಾರೆ. ಕಡಿಮೆ ದರದ ಪ್ರಮಾಣಪತ್ರ ತರುತ್ತೇನೆ ಅಂದರೆ, 194-ಐಎಗೆ ಆ ಸೌಲಭ್ಯವೇ ಇಲ್ಲ.

ಮುಂಗಡದಿಂದಲೇ ಹಿಡಿಯಿರಿ

ಹಣ ಕೊಡುವ ಪ್ರತಿ ಸಲವೂ ಆ ಕಂತಿನ ಶೇ 1 ಹಿಡಿಯಬೇಕು. ನೋಂದಣಿ ದಿನ ಒಟ್ಟಿಗೆ ಕಟ್ಟಿದರಾಯಿತು ಅನ್ನುವ ರೂಢಿ ಬಹಳ ಕಡೆ ಇದೆ. ಅದು ತಪ್ಪು, ಮುಂಗಡದ ಭಾಗಕ್ಕೆ ಬಡ್ಡಿ ಬೀಳುತ್ತದೆ.

ಜೂನ್ 18ರಂದು 5 ಲಕ್ಷ ಮುಂಗಡ. ಹಿಡಿಯಬೇಕಾದದ್ದು 5,000. ಅಣ್ಣ ತಂಗಿಗೆ ಕೊಡುವುದು ಒಟ್ಟು 4,95,000, ತಲಾ 2,47,500. ಕರಾರಿನಲ್ಲಿ "5,00,000 ಮುಂಗಡ, ಅದರಲ್ಲಿ 5,000 ಟಿಡಿಎಸ್, 4,95,000 ಬ್ಯಾಂಕ್ ಮೂಲಕ" ಅಂತ ಬಿಡಿಸಿ ಬರೆಸಿ. ಹೀಗೆ ಬರೆಯದಿದ್ದರೆ ಮುಂದೆ "ಐದು ಸಾವಿರ ಕಡಿಮೆ ಬಂತು" ಅನ್ನುವ ಜಗಳಕ್ಕೆ ದಾರಿ.

ಕಟ್ಟುವ ಗಡುವು ಹೀಗೆ: ಹಿಡಿದ ತಿಂಗಳು ಮುಗಿದ ಮೇಲೆ 30 ದಿನ. ಜೂನ್ 30ರಿಂದ 30 ದಿನ ಎಣಿಸಿ, ಜುಲೈ 30. ಜನವರಿಯಲ್ಲಿ ಹಿಡಿದವರು ಸ್ವಲ್ಪ ಹುಷಾರಾಗಿರಬೇಕು. ಅವರ ಗಡುವು ಮಾರ್ಚ್ 2, ಅಧಿಕ ವರ್ಷವಾದರೆ ಮಾರ್ಚ್ 1. ಮುಂದಿನ ತಿಂಗಳ ಕೊನೆ ಅಂತ ಸುಮ್ನೆ ನೆನಪಿಟ್ಟುಕೊಂಡರೆ ದಿನ ಆಚೀಚೆ ಆಗುತ್ತದೆ.

ಕಟ್ಟಲು ಟ್ಯಾನ್, ಅಂದರೆ ತೆರಿಗೆ ಹಿಡಿಯುವವರು ಪಡೆಯುವ ಬೇರೆ ಸಂಖ್ಯೆ, ಬೇಡ. ಕೊಳ್ಳುವವರ ಪ್ಯಾನ್, ಮಾರುವವರ ಪ್ಯಾನ್ ಇದ್ದರೆ ಸಾಕು. ಚಲನ್ ಮತ್ತು ವಿವರಪಟ್ಟಿ ಎರಡೂ ಸೇರಿದ ಒಂದೇ ಫಾರ್ಮ್ ಇದೆ, ಅದರ ಹೆಸರು 26QB.

ಎಷ್ಟು ಚಲನ್ ಅನ್ನುವ ಎಣಿಕೆ ಬರುವುದು ಇಲ್ಲೇ. ಒಂದು 26QBಯಲ್ಲಿ ಒಬ್ಬ ಕೊಳ್ಳುವವರು, ಒಬ್ಬ ಮಾರುವವರು, ಒಂದು ಪಾವತಿ ಮಾತ್ರ. ನಮ್ಮಲ್ಲಿ ಇಬ್ಬರು ಕೊಳ್ಳುವವರು, ಇಬ್ಬರು ಮಾರುವವರು. ಹಾಗಾಗಿ ಮುಂಗಡ ಒಂದಕ್ಕೇ ನಾಲ್ಕು ಫಾರ್ಮ್. ಗಂಡನ ಪಾಲು 3 ಲಕ್ಷ, ಅದು ಅಣ್ಣನಿಗೆ 1.5 ಮತ್ತು ತಂಗಿಗೆ 1.5, ಅಂದರೆ 1,500ರ ಎರಡು ಫಾರ್ಮ್. ಹೆಂಡತಿಯ ಪಾಲು 2 ಲಕ್ಷ, ತಲಾ 1 ಲಕ್ಷ, ಅಂದರೆ 1,000ದ ಎರಡು ಫಾರ್ಮ್. ಒಟ್ಟು 5,000. ನೋಂದಣಿ ಹೊತ್ತಿಗೆ ಇನ್ನು ನಾಲ್ಕು. ಇಡೀ ವ್ಯವಹಾರಕ್ಕೆ ಎಂಟು. ಕಿರಿಕಿರಿಯೇ ಸರಿ. ಆದರೆ ಎಲ್ಲವನ್ನೂ ಗಂಡನ ಹೆಸರಿಂದ ಅಣ್ಣನ ಪ್ಯಾನ್‌ಗೆ ಒಂದೇ ಚಲನ್‌ನಲ್ಲಿ ಕಟ್ಟಿದರೆ ತಂಗಿಯ ಖಾತೆಯಲ್ಲಿ ಏನೂ ಕಾಣುವುದಿಲ್ಲ. ಹೆಂಡತಿ ಕಟ್ಟೇ ಇಲ್ಲ ಅಂತ ಲೆಕ್ಕವಾಗುತ್ತದೆ.

ಪಾಲು ಎಷ್ಟೆಷ್ಟು ಅಂತ ಕರಾರಿನಲ್ಲೂ ಕ್ರಯಪತ್ರದಲ್ಲೂ ಬರೆಸಿಬಿಡಿ. ಬರೀ ಇಬ್ಬರ ಹೆಸರು ಹಾಕಿ ಬಿಟ್ಟ ಪತ್ರಗಳೇ ಜಾಸ್ತಿ. ಆಗ ಅರ್ಧರ್ಧ ಅಂತ ಇಲಾಖೆಯವರು ತಿಳಿಯಬಹುದು, ನೀವು ಕಟ್ಟಿದ್ದು 60:40ರಲ್ಲಿ ಇರಬಹುದು. ನನ್ನ ಪ್ರಕಾರ ಟಿಡಿಎಸ್ ಪಾಲು, ಪತ್ರದ ಪಾಲು, ಯಾರ ಖಾತೆಯಿಂದ ಎಷ್ಟು ಹಣ ಹೋಯಿತು ಅನ್ನುವುದು ಮೂರೂ ಹೊಂದುವಂತೆ ಮೊದಲೇ ನೋಡಿಕೊಳ್ಳುವುದೇ ಒಳ್ಳೆಯದು.

26QB ತುಂಬುವ ಬಗೆ

ಗಂಡ ತನ್ನ ಲಾಗಿನ್‌ನಿಂದ, ಹೆಂಡತಿ ತನ್ನ ಲಾಗಿನ್‌ನಿಂದ ತುಂಬಬೇಕು. incometax.gov.in ಒಳಗೆ ಹೋಗಿ ಈ ದಾರಿ ಹಿಡಿಯಿರಿ:

```
e-File > e-Pay Tax > New Payment > 26QB (TDS on Property) > Proceed
```

ಮೊದಲ ಪುಟದಲ್ಲಿ ಕೊಳ್ಳುವವರ ವಿವರ. ಪ್ಯಾನ್, ಹೆಸರು ತಾನೇ ಬಂದಿರುತ್ತದೆ. ವಿಳಾಸ, ಮೊಬೈಲ್ ಸರಿ ಇದೆಯಾ ನೋಡಿ. ಒಬ್ಬರಿಗಿಂತ ಹೆಚ್ಚು ಕೊಳ್ಳುವವರು ಇದ್ದಾರಾ ಅನ್ನುವ ಪ್ರಶ್ನೆಗೆ ಹೌದು ಅನ್ನಿ. ಮುಂದಿನ ಪುಟ ಮಾರುವವರದು. ಪ್ಯಾನ್ ಟೈಪ್ ಮಾಡಿದಾಗ ಪರದೆಯ ಮೇಲೆ ಹೆಸರಿನ ಕೆಲವು ಅಕ್ಷರ ಕಾಣುತ್ತದೆ. ಅದು ಅಣ್ಣನದೋ ತಂಗಿಯದೋ ಅಂತ ಅಲ್ಲೇ ನೋಡಿ. ಪ್ಯಾನ್‌ನ ಒಂದಕ್ಷರ ತಪ್ಪಿದರೆ ನಿಮ್ಮ ಹಣ ಮೂರನೆಯವರ ಹೆಸರಿಗೆ ಹೋಗುತ್ತದೆ. ಇಡೀ ಕೆಲಸದಲ್ಲಿ ನಿಧಾನವಾಗಿ ಮಾಡಬೇಕಾದ ಜಾಗ ಇದೊಂದೇ.

ಮೂರನೆಯದು ಆಸ್ತಿಯ ವಿವರ ಮತ್ತು ಹಣದ ವಿವರ. ಫ್ಲ್ಯಾಟ್ ಆದರೆ ಕಟ್ಟಡ, ಸೈಟ್ ಆದರೆ ಜಮೀನು ಅಂತ ಆರಿಸಿ. ಕರಾರಿನ ದಿನಾಂಕ, ಹಣ ಕೊಟ್ಟ ದಿನಾಂಕ, ಟಿಡಿಎಸ್ ಹಿಡಿದ ದಿನಾಂಕ ಕೇಳುತ್ತದೆ. ಹಣ ಕೊಟ್ಟ ದಿನವೇ ಹಿಡಿದಿರುವುದರಿಂದ ಕೊನೆಯ ಎರಡೂ ಜೂನ್ 18. ಚಲನ್ ಕಟ್ಟುತ್ತಿರುವ ದಿನವನ್ನು ಇಲ್ಲಿ ಹಾಕಬೇಡಿ. ಒಟ್ಟು ಬೆಲೆಯ ಜಾಗದಲ್ಲಿ ಆಸ್ತಿಯ ಪೂರ್ತಿ ಬೆಲೆ 84,00,000. ಮಾರ್ಗಸೂಚಿ ಬೆಲೆಯ ಜಾಗದಲ್ಲಿ 78,60,000. ಒಂದೇ ಕಂತೋ ಹಲವು ಕಂತೋ ಅಂದರೆ ಹಲವು ಕಂತು. ಇದು ಕೊನೆಯ ಕಂತೇ ಅಂದರೆ ಈಗ ಅಲ್ಲ, ಆಗಸ್ಟಿನದಕ್ಕೆ ಹೌದು. ಈಗ ಕೊಟ್ಟ ಮೊತ್ತದ ಜಾಗದಲ್ಲಿ ಮಾತ್ರ ಈ ಫಾರ್ಮಿನ ಪಾಲು ಬರಬೇಕು: ಗಂಡನಿಂದ ಅಣ್ಣನಿಗೆ 1,50,000. ಇಲ್ಲಿ ಟಿಡಿಎಸ್ ಕಳೆದ 1,48,500 ಹಾಕುವವರಿದ್ದಾರೆ. ಹಾಗೆ ಮಾಡಿದರೆ ತೆರಿಗೆ 1,485 ಆಗಿ, ಲೆಕ್ಕ ಎಲ್ಲೂ ಕೂಡುವುದಿಲ್ಲ.

ಹಣ ಕಟ್ಟಲು ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಎರಡೂ ನಡೆಯುತ್ತವೆ. ಕಟ್ಟಿದ ಮೇಲೆ ಬರುವ ಚಲನ್ ರಸೀದಿ ಮತ್ತು ಸ್ವೀಕೃತಿ ಸಂಖ್ಯೆಯನ್ನು ಇಳಿಸಿಕೊಂಡು, ಕಡತಕ್ಕೆ "ಗಂಡ-ಅಣ್ಣ-ಮುಂಗಡ" ಅಂತ ಹೆಸರಿಡಿ. ಎಂಟು ಕಡತ ಒಂದೇ ಥರ ಕಾಣುತ್ತವೆ. ಸ್ವೀಕೃತಿ ಸಂಖ್ಯೆ ಮುಂದೆ ಪ್ರಮಾಣಪತ್ರ ಇಳಿಸಿಕೊಳ್ಳಲು ಬೇಕೇ ಬೇಕು.

ಬ್ಯಾಂಕಿನ ಸಾಲ ಬಂದಾಗ ಆಗುವ ಎಡವಟ್ಟು

ಆಗಸ್ಟ್ 22ರಂದು 79 ಲಕ್ಷ ಸಲ್ಲಬೇಕು. ಅದಕ್ಕೆ ಟಿಡಿಎಸ್ 79,000. ಬ್ಯಾಂಕ್ ತನ್ನ 55 ಲಕ್ಷಕ್ಕೆ ನೇರವಾಗಿ ಮಾರುವವರ ಹೆಸರಿನಲ್ಲಿ ಡಿಡಿ ಮಾಡುತ್ತದೆ. ಅದರಲ್ಲಿ ಟಿಡಿಎಸ್ ಹಿಡಿಯುವುದು ಬ್ಯಾಂಕಿನ ಹೊಣೆಯಲ್ಲ. ಸಾಲದ ಹಣವೂ ಕಾನೂನಿನ ಕಣ್ಣಲ್ಲಿ ನೀವು ಕೊಟ್ಟ ಹಣವೇ. ಹಾಗಾಗಿ ಆ 55 ಲಕ್ಷದ ಶೇ 1 ಕೂಡ ನಿಮ್ಮ ಕೈಯ 24 ಲಕ್ಷದಲ್ಲೇ ಹಿಡಿಯಬೇಕು. ಲೆಕ್ಕ ಹೀಗೆ ಕೂರುತ್ತದೆ:

ಬ್ಯಾಂಕಿನಿಂದ ಮಾರುವವರಿಗೆ 55,00,000. ನಿಮ್ಮಿಂದ ಮಾರುವವರಿಗೆ 23,21,000. ನಿಮ್ಮಿಂದ ಸರ್ಕಾರಕ್ಕೆ 79,000. ಮೂರೂ ಸೇರಿದರೆ 79 ಲಕ್ಷ.

ಕೈಯಿಂದ ಕೊಡುವ ಹಣಕ್ಕೆ ಮಾತ್ರ ಶೇ 1 ಲೆಕ್ಕ ಹಾಕಿ 24,000 ಹಿಡಿದು, 55,000 ಬಿಟ್ಟುಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಡಿಡಿ ಕೊಟ್ಟಾದ ಮೇಲೆ ಆ 55,000ವನ್ನು ಮಾರಿದವರಿಂದ ವಾಪಸ್ ಕೇಳುವುದು ಯಾರಿಗೆ ಬೇಕು. ಇನ್ನೂ ಬಿಗಿಯಾದ ಪರಿಸ್ಥಿತಿ ಅಂದರೆ, ಕೈಯ ಹಣವನ್ನೆಲ್ಲ ಮೊದಲೇ ಕೊಟ್ಟು, ಕೊನೆಯ ಕಂತು ಪೂರ್ತಿ ಬ್ಯಾಂಕಿನದೇ ಆಗಿರುವುದು. ಆಗ ಹಿಡಿಯಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಅಂಥ ವ್ಯವಹಾರದಲ್ಲಿ ಟಿಡಿಎಸ್ ಕಳೆದ ಮೊತ್ತಕ್ಕೆ ಡಿಡಿ ಮಾಡಿ ಅಂತ ಬ್ಯಾಂಕಿಗೆ ಮುಂಚೆಯೇ ಬರೆದುಕೊಡಿ. ಸಾಲ ಬಿಡುಗಡೆಗೆ ಮೊದಲು 26QB ರಸೀದಿ ಕೇಳುವ ಬ್ಯಾಂಕುಗಳೂ ಇವೆ. ಆಗ ನೋಂದಣಿಗೆ ಒಂದೆರಡು ದಿನ ಮೊದಲೇ ಚಲನ್ ಕಟ್ಟಿಬಿಡುವುದು ರೂಢಿ.

79 ಲಕ್ಷದ ಪಾಲು: ಗಂಡನ 47.40 ಲಕ್ಷ ಎರಡು ಭಾಗವಾಗಿ ತಲಾ 23.70 ಲಕ್ಷ, ಟಿಡಿಎಸ್ 23,700 ಎರಡು ಸಲ. ಹೆಂಡತಿಯ 31.60 ಲಕ್ಷ ತಲಾ 15.80 ಲಕ್ಷ, ಟಿಡಿಎಸ್ 15,800 ಎರಡು ಸಲ. ಕೂಡಿದರೆ 79,000. ಗಡುವು ಸೆಪ್ಟೆಂಬರ್ 30. ಮುಂಗಡದ 5,000 ಸೇರಿ ಒಟ್ಟು 84,000 ಆಯಿತಾ ಅಂತ ಒಮ್ಮೆ ನೋಡಿಕೊಳ್ಳಿ. ಮಾರ್ಗಸೂಚಿ ಬೆಲೆ 88 ಲಕ್ಷ ಇದ್ದಿದ್ದರೆ ಕೊರತೆಯ 4,000 ಈ ಕೊನೆಯ ಕಂತಿನಲ್ಲೇ ಸೇರಿ 83,000 ಆಗುತ್ತಿತ್ತು.

ಪ್ರಮಾಣಪತ್ರ ಮತ್ತು ಮಾರಿದವರ ಖಾತೆ

ಹಣ ಕಟ್ಟಿದ ಕೂಡಲೇ ಕೆಲಸ ಮುಗಿಯಲಿಲ್ಲ. ಮಾರಿದವರಿಗೆ ಟಿಡಿಎಸ್ ಕಟ್ಟಿದ ಪ್ರಮಾಣಪತ್ರ, ಅಂದರೆ ಫಾರ್ಮ್ 16B, ಕೊಡಬೇಕು. 26QB ಗಡುವಿನಿಂದ 15 ದಿನದೊಳಗೆ, ಅಂದರೆ ಆಗಸ್ಟಿನ ಕಂತಿಗೆ ಅಕ್ಟೋಬರ್ 15ರೊಳಗೆ. ಇದು ಸಿಗುವುದು ಟ್ರೇಸಸ್ ಅನ್ನುವ ಬೇರೆ ತಾಣದಲ್ಲಿ. ಅಲ್ಲಿ ಕೊಳ್ಳುವವರು ತೆರಿಗೆದಾರ ಅಂತ ನೋಂದಾಯಿಸಿಕೊಂಡು, `Downloads` ಅಡಿಯಲ್ಲಿ `Form 16B (For Buyer)` ಆರಿಸಿ, ಸ್ವೀಕೃತಿ ಸಂಖ್ಯೆ ಮತ್ತು ಮಾರಿದವರ ಪ್ಯಾನ್ ಕೊಟ್ಟು ಕೋರಿಕೆ ಹಾಕಬೇಕು. ಕಟ್ಟಿದ ದಿನವೇ ಹೋದರೆ ಸಿಗಲ್ಲ, ಕೆಲವು ದಿನ ಬಿಟ್ಟು ನೋಡಿ. ಎಂಟು 26QBಗೆ ಎಂಟು 16B.

ಸರಿಯಾಗಿ ಕಟ್ಟಿದ್ದೀರಾ ಅನ್ನುವುದಕ್ಕೆ ಖಚಿತ ಪುರಾವೆ ಮಾರಿದವರ 26AS, ಅಂದರೆ ಅವರ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ. ಅದರಲ್ಲಿ ಅಣ್ಣನಿಗೆ 42,000, ತಂಗಿಗೆ 42,000 ಕಾಣಬೇಕು. ಒಂದು ಸಲ ತೋರಿಸಿ ಅಂತ ಕೇಳಿ. ಮುಂಗಡ ಮಾರ್ಚ್‌ನಲ್ಲಿ, ನೋಂದಣಿ ಮೇನಲ್ಲಿ ಆದರೆ ಇದು ಎರಡು ವರ್ಷದ ಲೆಕ್ಕದಲ್ಲಿ ಹರಡಿರುತ್ತದೆ. ಮಾರಿದವರು ಗಾಬರಿಯಾಗಬೇಕಿಲ್ಲ, ಮೊದಲ ವರ್ಷದ್ದನ್ನು ರಿಟರ್ನ್‌ನಲ್ಲಿ ಮುಂದಕ್ಕೆ ಒಯ್ದು, ಮಾರಾಟದ ಲಾಭ ತೋರಿಸುವ ವರ್ಷ ಪಡೆಯಬಹುದು.

ಪ್ಯಾನ್, ಮೊತ್ತ, ದಿನಾಂಕ ತಪ್ಪಾಗಿದ್ದರೆ ಟ್ರೇಸಸ್‌ನಲ್ಲೇ 26QB ತಿದ್ದುಪಡಿಗೆ ಕೋರಿಕೆ ಹಾಕಬಹುದು. ಸಣ್ಣ ತಿದ್ದುಪಡಿ ಬೇಗ ಆಗುತ್ತದೆ. ಮಾರಿದವರ ಪ್ಯಾನ್ ಬದಲಿಸುವಂಥದ್ದಕ್ಕೆ ಇತರರ ಒಪ್ಪಿಗೆ, ಕೆಲವೊಮ್ಮೆ ತೆರಿಗೆ ಅಧಿಕಾರಿಯ ಒಪ್ಪಿಗೆ ಬೇಕಾಗುತ್ತದೆ, ತಿಂಗಳುಗಟ್ಟಲೆ ಎಳೆಯಲೂಬಹುದು.

ತಡವಾದರೆ

ಗಡುವು ದಾಟಿದ ಪ್ರತಿ ದಿನಕ್ಕೆ 200 ರೂಪಾಯಿ ಶುಲ್ಕ, ಆ ಫಾರ್ಮಿನ ಟಿಡಿಎಸ್ ಮೊತ್ತ ಮುಟ್ಟುವವರೆಗೆ. ಇದು ಒಂದೊಂದು ಫಾರ್ಮಿಗೂ ಬೇರೆ ಬೇರೆ ಅನ್ನುವುದೇ ಕುತ್ತು. ಆಗಸ್ಟಿನ ನಾಲ್ಕನ್ನು ನವೆಂಬರ್ 10ಕ್ಕೆ ಕಟ್ಟಿದರೆ 41 ದಿನ ತಡ. ಒಂದಕ್ಕೆ 8,200, ನಾಲ್ಕಕ್ಕೆ 32,800. ಜೂನಿನ 1,000ದ ಫಾರ್ಮ್ ಆದರೆ ಐದೇ ದಿನಕ್ಕೆ ಶುಲ್ಕ ತೆರಿಗೆಯಷ್ಟೇ ಆಗಿ ನಿಲ್ಲುತ್ತದೆ. ಬಡ್ಡಿ ಬೇರೆ: ಹಿಡಿಯದೇ ಇದ್ದರೆ ತಿಂಗಳಿಗೆ ಶೇ 1, ಹಿಡಿದೂ ಕಟ್ಟದಿದ್ದರೆ ಶೇ 1.5. ತಿಂಗಳ ತುಂಡೂ ಪೂರ್ತಿ ತಿಂಗಳು. ಫಾರ್ಮಿನಲ್ಲೇ ಬಡ್ಡಿ ಮತ್ತು ಶುಲ್ಕಕ್ಕೆ ಜಾಗ ಇದೆ. ತಡವಾಗಿ ಕಟ್ಟುವವರು ಆಗಲೇ ಸೇರಿಸಿ ಕಟ್ಟಿಬಿಡಿ, ಇಲ್ಲದಿದ್ದರೆ ಆಮೇಲೆ ಬೇಡಿಕೆ ನೋಟಿಸ್ ಬರುತ್ತದೆ.

ಜಮೀನು ಕೊಳ್ಳುವವರಿಗೆ, ಮತ್ತು 2026ರ ಏಪ್ರಿಲ್ ನಂತರ ಕೊಳ್ಳುವವರಿಗೆ

ಕೃಷಿ ಜಮೀನಿಗೆ ಈ ಟಿಡಿಎಸ್ ಇಲ್ಲ ಅನ್ನುವುದು ಅರ್ಧ ನಿಜ. ಗ್ರಾಮೀಣ ಕೃಷಿ ಜಮೀನಿಗೆ ಮಾತ್ರ ಇಲ್ಲ. ಜನಸಂಖ್ಯೆ 10 ಲಕ್ಷ ದಾಟಿದ ನಗರದ ಗಡಿಯಿಂದ ನೇರ ಅಳತೆಯಲ್ಲಿ 8 ಕಿಲೋಮೀಟರ್ ಒಳಗಿದ್ದರೆ, ಪಹಣಿಯಲ್ಲಿ ರಾಗಿ ಅಂತಿದ್ದರೂ ಟಿಡಿಎಸ್ ಹಿಡಿಯಬೇಕು. 1 ಲಕ್ಷದಿಂದ 10 ಲಕ್ಷದ ಊರಿಗೆ ಈ ಅಂತರ 6 ಕಿಲೋಮೀಟರ್, 10 ಸಾವಿರದಿಂದ 1 ಲಕ್ಷದ ಊರಿಗೆ 2. ಬೆಂಗಳೂರಿನ ಅಂಚಿನ ಜಮೀನಿನಲ್ಲಿ ಇದು ದಿನಾ ಬರುವ ಪ್ರಶ್ನೆ.

ಹೊಸ ಆದಾಯ ತೆರಿಗೆ ಕಾಯ್ದೆ, 2025, ಜಾರಿಗೆ ಬರುವುದು 2026ರ ಏಪ್ರಿಲ್ 1ರಿಂದ. ಅದರಲ್ಲಿ ಟಿಡಿಎಸ್ ನಿಯಮಗಳೆಲ್ಲ 393ನೇ ಸೆಕ್ಷನ್‌ನ ಪಟ್ಟಿಗಳಲ್ಲಿವೆ. 50 ಲಕ್ಷದ ಮಿತಿ, ಶೇ 1 ದರ, ಎರಡರಲ್ಲಿ ಜಾಸ್ತಿ ಇರುವ ಬೆಲೆ, ಎಲ್ಲರ ಪಾಲು ಕೂಡಿಸಿ ನೋಡುವುದು, ಇವೆಲ್ಲ ಅಲ್ಲೂ ಹಾಗೇ ಇವೆ. ಈ ಉದಾಹರಣೆಯ ಫಾರ್ಮ್ ಹೆಸರುಗಳು 1961ರ ಕಾಯ್ದೆಯವು. ಹಾಗಾಗಿ ಏಪ್ರಿಲ್ ನಂತರ ಹಣ ಕೊಡುವವರು ಪೋರ್ಟಲ್‌ನ `e-Pay Tax` ಪುಟದಲ್ಲಿ ಆಸ್ತಿ ಖರೀದಿಯ ಟಿಡಿಎಸ್‌ಗೆ ಯಾವ ಫಾರ್ಮ್ ತೋರಿಸುತ್ತದೋ ಅದನ್ನೇ ಬಳಸಿ. ಮುಂಗಡವನ್ನು 2026ರ ಮಾರ್ಚ್‌ನಲ್ಲಿ ಕೊಟ್ಟಿದ್ದರೆ ಆ ಕಂತು ಹಳೆಯ ಕಾಯ್ದೆಯ ಲೆಕ್ಕಕ್ಕೆ, ಏಪ್ರಿಲ್ 1ರಿಂದ ಕೊಟ್ಟದ್ದು ಹೊಸದರ ಲೆಕ್ಕಕ್ಕೆ.